ರಷ್ಯನ್ ಟೀಚರ್‌ಗೆ ರಷ್ಯನ್‌ನಲ್ಲೇ ಥ್ಯಾಂಕ್ಸ್ ಹೇಳುವುದು ಹೇಗೆ?

ಪ್ರಶ್ನೆ: ನಾನು ಮೈಸೂರಿನವಳು. ಕಜಾನ್‌ನಲ್ಲಿರುವ ಟೀಚರ್ ಒಬ್ಬರ ಹತ್ತಿರ ಒಂದು ವರ್ಷ ಆನ್‌ಲೈನ್‌ನಲ್ಲಿ ರಷ್ಯನ್ ಕಲಿತೆ. ಹೋದ ವಾರ ಎ2 ಹಂತದ ಕೋರ್ಸ್ ಮುಗಿಯಿತು. ಅವರಿಗೆ ರಷ್ಯನ್‌ನಲ್ಲೇ ಒಂದು ಧನ್ಯವಾದದ ಪತ್ರ ಬರೆಯುವ ಆಸೆ. ನೆಟ್‌ನಲ್ಲಿ ಸಿಕ್ಕ ಮಾದರಿಗಳು ಸರ್ಕಾರಿ ಆದೇಶದ ಹಾಗಿವೆ. ಅಲ್ಲಿ ಎಂಬಿಬಿಎಸ್ ಓದಿ ಬಂದ ನನ್ನ ಕಸಿನ್ ತನ್ನ ಪ್ರೊಫೆಸರ್‌ಗೆ ಬರೆದಿದ್ದ ಪತ್ರ ಕೊಟ್ಟು, "ಹೆಸರು ಬದಲಿಸಿ ಕಳಿಸು" ಅಂದ. "ದರಗಾಯ" ಅಂತ ಬರೆದರೆ ಪ್ರೇಮಪತ್ರ ಆಗಿಬಿಡುತ್ತೆ ಅಂತಲೂ ಹೆದರಿಸಿದ. ನನ್ನ ಕರಡು ಹೀಗಿದೆ: "ಉವಝಾಯೆಮಯ ಗಸ್ಪಝಾ ಯೆಲೆನಾ! ಯಾ ಓಚೆನ್ ಸ್ಪಸೀಬ ವಾಮ್. ಯಾ ಬ್ಲಗದಾರೆನ್ ವಾಮ್. ವೀ ನಉಚೀಲಿ ಮ್ನೆ ರೂಸ್ಕಿ ಯಜೀಕ್. ವೀ ಫ್ಸೆಗ್ದಾ ಅಬ್ಯಿಸ್ನೀಲಿ ಮ್ನೆ." ತಪ್ಪಿದ್ದರೆ ಅವರಿಗೆ ಬೇಸರವಾಗುತ್ತದೆಯೇ? ರಷ್ಯನ್ ಚೆನ್ನಾಗಿ ಬಲ್ಲವರಿಂದ ಪೂರ್ತಿ ತಿದ್ದಿಸಿ ಕಳಿಸಲೇ? ಉಡುಗೊರೆಯೂ ಬೇಕೇ?

ಉತ್ತರ: ಮೊದಲು ನೆಟ್‌ನ ಮಾದರಿಗಳನ್ನು ಪಕ್ಕಕ್ಕಿಡಿ. ನೀವು ಹುಡುಕಿದ್ದು "ಧನ್ಯವಾದ ಪತ್ರ" ಎಂದಿರಬೇಕು. ರಷ್ಯನ್‌ನಲ್ಲಿ ಅದು "ಬ್ಲಗದಾರ್ಸ್ತ್ವೆನ್ನಯೆ ಪಿಸ್ಮೋ". ಹೆಸರೇನೋ ಸರಿ, ಆದರೆ ಅದು ಬೇರೆಯದೇ ಜಾತಿಯ ಕಾಗದ. ಶಾಲೆಯ ಆಡಳಿತ, ಪೋಷಕರ ಸಮಿತಿ, ಕಂಪನಿ ಇಂಥವರು ಲೆಟರ್‌ಹೆಡ್ ಮೇಲೆ ಸಹಿ, ಮೊಹರು ಹಾಕಿ ಕೊಡುವಂಥದ್ದು. ಅಲ್ಲಿನ ಶಿಕ್ಷಕರು ಇವನ್ನು ಫೈಲಿನಲ್ಲಿ ಕೂಡಿಟ್ಟುಕೊಳ್ಳುತ್ತಾರೆ. ವೃತ್ತಿಯ ಮೌಲ್ಯಮಾಪನದ ಹೊತ್ತಿಗೆ ತೋರಿಸಲು ಬರುತ್ತದೆ. "ಫಲಪ್ರದ ಸಹಕಾರಕ್ಕಾಗಿ ಪ್ರಾಮಾಣಿಕ ಕೃತಜ್ಞತೆಯನ್ನು ವ್ಯಕ್ತಪಡಿಸುತ್ತೇವೆ" ಎಂಬ ಧಾಟಿಯ ವಾಕ್ಯಗಳು ಬರುವುದು ಅದಕ್ಕೇ. ಒಬ್ಬ ವಿದ್ಯಾರ್ಥಿನಿ ತನ್ನ ಟೀಚರ್‌ಗೆ ಇದನ್ನು ಕಳಿಸಿದರೆ ತಪ್ಪೇನೂ ಆಗದು, ಆದರೆ ನಿಮ್ಮ ದನಿ ಅದರಲ್ಲಿ ಎಲ್ಲೂ ಕೇಳಿಸದು. ನಿಮಗೆ ಬೇಕಾಗಿರುವುದು ಏಳೆಂಟು ವಾಕ್ಯಗಳ ಖಾಸಗಿ ಪತ್ರ.

ಮುಂದೆ ಹೋಗುವ ಮುನ್ನ ಒಂದು ಮಾತು. ಇಲ್ಲಿ ನಾನು ರಷ್ಯನ್ ಪದಗಳನ್ನು ಕಿವಿಗೆ ಕೇಳಿಸುವ ಹಾಗೆ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ. ಒತ್ತು ಬೀಳದ "ಒ" ಅಕ್ಷರ ರಷ್ಯನ್‌ನಲ್ಲಿ "ಅ" ಎಂದು ಕೇಳಿಸುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಸಿರಿಲಿಕ್‌ನಲ್ಲಿ ಬರೆಯುವಾಗ ಕಾಗುಣಿತವನ್ನು ನಿಮ್ಮ ನೋಟ್‌ಬುಕ್ ನೋಡಿ ಸರಿಮಾಡಿಕೊಳ್ಳಿ.

ಈಗ ಸಂಬೋಧನೆ. ಇಡೀ ಪತ್ರದಲ್ಲಿ ಅತಿ ಹೆಚ್ಚು ತೂಕವಿರುವುದು ಈ ಒಂದು ಸಾಲಿಗೆ. ನೀವು "ಗಸ್ಪಝಾ ಯೆಲೆನಾ" ಎಂದು ಬರೆದದ್ದು ನಮ್ಮ "ಮೇಡಂ" ಅನ್ನು ಹುಡುಕಿಕೊಂಡು ಹೋಗಿ. ರಷ್ಯನ್‌ನಲ್ಲಿ ಟೀಚರನ್ನು ಕರೆಯಲು ಮೇಡಂ, ಸರ್ ಎಂಬಂಥ ಪದವೇ ಇಲ್ಲ. "ಗಸ್ಪಝಾ" ಇದೆ, ಆದರೆ ಅದು ಮನೆತನದ ಹೆಸರಿನ ಜೊತೆ ವ್ಯವಹಾರದ ಪತ್ರಗಳಲ್ಲಿ, ಸಭೆಗಳಲ್ಲಿ, ವಿದೇಶಿಯರನ್ನು ಕುರಿತು ಬರುವ ಪದ. ಬರೀ ಹೆಸರಿನ ಮುಂದೆ ಇಟ್ಟರೆ ಹಳೆ ಕಾಲದ ಒಡತಿಯನ್ನು ಕರೆದ ಹಾಗೆ ವಿಚಿತ್ರವಾಗುತ್ತದೆ. ಗೌರವ ತೋರಿಸುವ ಕೆಲಸವನ್ನು ರಷ್ಯನ್ನರು ಬೇರೆ ರೀತಿಯಲ್ಲಿ ಮಾಡುತ್ತಾರೆ: ಹೆಸರಿಗೆ ತಂದೆಯ ಹೆಸರಿನಿಂದ ಬಂದ ಭಾಗವನ್ನು ಸೇರಿಸಿ ಕರೆಯುತ್ತಾರೆ. ತಂದೆ ಸೆರ್ಗೇಯ್ ಆಗಿದ್ದರೆ ಮಗಳು ಯೆಲೆನಾ ಸೆರ್ಗೇಯೆವ್ನಾ, ಮಗ ಆಗಿದ್ದರೆ ಸೆರ್ಗೇಯೆವಿಚ್. ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ಟೀಚರು, ಡಾಕ್ಟರನ್ನು ಕರೆಯುವುದು ಹೀಗೆಯೇ.

ಹಾಗಾದರೆ ನೀವೂ ಹೀಗೇ ಬರೆಯಬೇಕೇ? ಅದು ವರ್ಷವಿಡೀ ಪಾಠದಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದಿರಿ ಎಂಬುದರ ಮೇಲೆ ನಿಂತಿದೆ. ಆನ್‌ಲೈನ್‌ನಲ್ಲಿ ವಿದೇಶಿಯರಿಗೆ ಕಲಿಸುವ ಕಿರಿಯ ವಯಸ್ಸಿನ ಟೀಚರ್‌ಗಳು ಬಹಳ ಮಂದಿ ಮೊದಲ ದಿನವೇ "ನನ್ನನ್ನು ಯೆಲೆನಾ ಅನ್ನಿ" ಎಂದುಬಿಡುತ್ತಾರೆ. ನಿಮ್ಮವರೂ ಹಾಗೆ ಹೇಳಿದ್ದರೆ ಪತ್ರದಲ್ಲೂ ಯೆಲೆನಾ ಎಂದೇ ಇರಲಿ, ಜೊತೆಗೆ "ವೀ" ಎಂಬ ಬಹುವಚನ ಇರಲಿ. ಅಷ್ಟರಲ್ಲೇ ಗೌರವ ಬಂತು. ವರ್ಷವಿಡೀ ಹೆಸರು ಹಿಡಿದು ಕರೆದು ಪತ್ರದಲ್ಲಿ ಥಟ್ಟನೆ ತಂದೆಯ ಹೆಸರು ಸೇರಿಸಿದರೆ ಅವರಿಗೆ ಗೌರವಕ್ಕಿಂತ ದೂರ ಸರಿದ ಹಾಗೆ ಅನ್ನಿಸುತ್ತದೆ. ಅದಕ್ಕಿಂತ ಕೆಟ್ಟದ್ದು ಅದರ ತಿರುವು: ಪಾಠದಲ್ಲಿ ಪೂರ್ತಿ ಹೆಸರು ಹೇಳುತ್ತಿದ್ದವರು ಪತ್ರದಲ್ಲಿ ಸಲಿಗೆಗಿಳಿಯುವುದು. ಅವರ ತಂದೆಯ ಹೆಸರಿನ ಭಾಗ ಗೊತ್ತಿಲ್ಲ, ಆದರೆ ಬೇಕು ಅನ್ನಿಸಿದರೆ ನೇರವಾಗಿ ಕೇಳಬಹುದು: "ಪ್ರಸ್ತೀತೆ, ಕಾಕ್ ವಾಶೆ ಓಚೆಸ್ತ್ವ?" ರಷ್ಯನ್ನರೇ ಒಬ್ಬರನ್ನೊಬ್ಬರು ಇದನ್ನು ಕೇಳುತ್ತಾರೆ. ಊಹಿಸಿ ಬರೆಯುವುದು ಮಾತ್ರ ಬೇಡ. ವಿಭಕ್ತಿ ತಪ್ಪಿದರೆ ನಗುವ ಟೀಚರ್, ತಮ್ಮ ತಂದೆಯ ಹೆಸರು ತಪ್ಪಿದರೆ ನಗುವುದಿಲ್ಲ.

"ದರಗಾಯ" ವಿಚಾರದಲ್ಲಿ ನಿಮ್ಮ ಕಸಿನ್ ಹೆದರಿಸಿದ್ದು ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮ ಸಂದರ್ಭಕ್ಕೆ ಅನ್ವಯಿಸುವುದಿಲ್ಲ. "ಉವಝಾಯೆಮಯ" ಎಂದರೆ ಮಾನ್ಯರೆ ಎಂಬ ಹಾಗೆ. ಬ್ಯಾಂಕಿನವರೂ ಬರೆಯುತ್ತಾರೆ, ತಿಳಿಯದವರಿಗೂ ಬರೆಯಬಹುದು. "ದರಗಾಯ" ಪ್ರೀತಿಯ, ಹತ್ತಿರದ ದನಿ. "ದರಗಾಯ ಯೆಲೆನಾ ಸೆರ್ಗೇಯೆವ್ನಾ" ಎಂದು ಒಬ್ಬ ವಿದ್ಯಾರ್ಥಿ ಟೀಚರ್‌ಗೆ ಬರೆಯುವುದು ರಷ್ಯದಲ್ಲಿ ಅತ್ಯಂತ ಸಹಜ. ತಂದೆಯ ಹೆಸರು ಪಕ್ಕದಲ್ಲಿರುವಾಗ ಯಾರೂ ಅದನ್ನು ಪ್ರೇಮಪತ್ರ ಎಂದುಕೊಳ್ಳುವುದಿಲ್ಲ. ಅನುಮಾನ ಬರುವುದು ಯಾವಾಗ ಎಂದರೆ, ಒಬ್ಬ ಯುವಕ ತನ್ನ ವಯಸ್ಸಿನ ಟೀಚರ್‌ಗೆ ಬರೀ ಹೆಸರಿನ ಜೊತೆ, ಅದರಲ್ಲೂ ಮುದ್ದಿನ ಹೆಸರಿನ ಜೊತೆ ಹಾಗೆ ಬರೆದಾಗ. ಅಂಥ ಹುಡುಗರಿಗೆ ನಾನು ಹೇಳುವುದು "ಉವಝಾಯೆಮಯ" ಅಥವಾ ಸರಳವಾಗಿ "ಜ್ದ್ರಾಸ್ತ್ವುಯ್ತೆ, ಯೆಲೆನಾ!" ಎಂದು ಬರೆಯಿರಿ ಅಂತ. ನೀವು ನಿಶ್ಚಿಂತೆಯಿಂದ "ದರಗಾಯ" ಬರೆಯಿರಿ. ಸಂಬೋಧನೆಯ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಮುಂದಿನ ಸಾಲಿಗೆ ಹೋಗಿ. ಅದು ಅವರಲ್ಲಿ ರೂಢಿ, ಕೂಗಿದ ಹಾಗಾಗುವುದಿಲ್ಲ. ಪತ್ರದಲ್ಲಿ ಒಬ್ಬರನ್ನೇ ಉದ್ದೇಶಿಸಿ ಬರೆಯುವಾಗ "ವೀ", "ವಾಮ್", "ವಾಸ್" ಇವುಗಳ ಮೊದಲ ಅಕ್ಷರ ದೊಡ್ಡದಿರಲಿ. ಒಮ್ಮೆ ಹಾಗೆ ಶುರುಮಾಡಿದರೆ ಕೊನೆಯವರೆಗೂ ಹಾಗೇ ಇರಬೇಕು.

ಕಸಿನ್ ಕೊಟ್ಟ ಪತ್ರವನ್ನು ಹೆಸರು ಬದಲಿಸಿ ಕಳಿಸುವ ಯೋಚನೆ ಬಿಡಿ. ಅದರಿಂದ ಎತ್ತಿಕೊಂಡ ಒಂದು ತಪ್ಪು ನಿಮ್ಮ ಕರಡಿನಲ್ಲಿ ಆಗಲೇ ಕಾಣುತ್ತಿದೆ. "ಯಾ ಬ್ಲಗದಾರೆನ್" ಎಂದು ಹೇಳುವವನು ಗಂಡಸು. ನೀವು "ಬ್ಲಗದಾರ್ನ" ಎನ್ನಬೇಕು. ಕನ್ನಡದವರಿಗೆ ಇದು ನುಣುಚಿಹೋಗುವುದಕ್ಕೆ ಕಾರಣವಿದೆ. ನಾವು "ಅವನು ಕಲಿತ, ಅವಳು ಕಲಿತಳು" ಎಂದು ಬೇರೆ ಮಾಡುತ್ತೇವೆ, ಆದರೆ "ನಾನು ಕಲಿತೆ" ಎನ್ನುವಾಗ ಹೆಣ್ಣೋ ಗಂಡೋ ಯಾರೂ ಕೇಳುವುದಿಲ್ಲ. ರಷ್ಯನ್‌ನ ಭೂತಕಾಲ ಕೇಳುತ್ತದೆ. ಕ್ರಿಯಾಪದದ ಕೊನೆ ಗಂಡಿಗೆ "ಲ್", ಹೆಣ್ಣಿಗೆ "ಲ", ಬಹುವಚನಕ್ಕೆ "ಲಿ". ಕಸಿನ್ ಪತ್ರದಲ್ಲಿ "ಯಾ ನಉಚೀಲ್ಸ್ಯ" ಎಂದಿದ್ದರೆ ನಿಮ್ಮದು "ಯಾ ನಉಚೀಲಸ್". ಅವನ ಪ್ರೊಫೆಸರ್ ಗಂಡಸಾಗಿದ್ದರೆ ಸಂಬೋಧನೆಯ ವಿಶೇಷಣವೂ ಬೇರೆ, ಸಹಿಯಲ್ಲಿ ಅವನು "ಉಚೆನೀಕ್", ನೀವು "ಉಚೆನೀತ್ಸಾ". ಹೆಸರೊಂದನ್ನೇ ಬದಲಿಸಿ ಕಳಿಸಿದ ಇಂಥ ಪತ್ರಗಳನ್ನು ಟೀಚರ್‌ಗಳು ಎರಡನೇ ಸಾಲಿನಲ್ಲೇ ಹಿಡಿಯುತ್ತಾರೆ.

ಇದರ ಎದುರಿಗೆ ನಮಗೆ ಒಂದು ಅನುಕೂಲವೂ ಇದೆ. "ವೀ" ಎಂದ ಮೇಲೆ ಎದುರಿನವರು ಒಬ್ಬರೇ ಆದರೂ ಕ್ರಿಯಾಪದ ಬಹುವಚನದಲ್ಲೇ ಇರಬೇಕು. "ನೀವು ಹೇಳಿದಿರಿ" ಎಂದು ಹುಟ್ಟಿನಿಂದ ಆಡುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನಿಮ್ಮ ಕರಡಿನಲ್ಲೂ "ವೀ ನಉಚೀಲಿ" ಎಂದು ಸರಿಯಾಗಿಯೇ ಬಂದಿದೆ.

ಕರಡಿನ ಉಳಿದ ಸಾಲುಗಳನ್ನು ನೋಡೋಣ. "ಯಾ ಓಚೆನ್ ಸ್ಪಸೀಬ ವಾಮ್" ಎಂಬುದು "ತುಂಬಾ ಥ್ಯಾಂಕ್ಸ್" ಅನ್ನು ಪದಕ್ಕೆ ಪದ ಇಟ್ಟದ್ದು. "ಸ್ಪಸೀಬ" ಜೊತೆ "ಓಚೆನ್" ಸೇರುವುದಿಲ್ಲ. "ಬಲ್‌ಶೋಯೆ ಸ್ಪಸೀಬ" ಅಥವಾ ಇನ್ನೂ ಹೆಚ್ಚು ಬೇಕಾದರೆ "ಅಗ್ರೋಮ್ನಯೆ ಸ್ಪಸೀಬ" ಎನ್ನುತ್ತಾರೆ. ಮೊದಲಿಗೆ "ಯಾ" ಕೂಡ ಬೇಡ. "ಓಚೆನ್" ಬಳಸಲೇಬೇಕೆಂದಿದ್ದರೆ "ಯಾ ಓಚೆನ್ ಬ್ಲಗದಾರ್ನ ವಾಮ್" ಎನ್ನಿ, ಅಲ್ಲಿ ಸರಿಹೊಂದುತ್ತದೆ. ಇಲ್ಲೇ ಇನ್ನೊಂದು ಗುಂಡಿ ಇದೆ, ನೀವು ಬಿದ್ದಿಲ್ಲ, ಆದರೆ ನನ್ನ ಕನ್ನಡದ ವಿದ್ಯಾರ್ಥಿಗಳಲ್ಲಿ ಅನೇಕರು ಬೀಳುತ್ತಾರೆ. "ಸ್ಪಸೀಬ ವಾಮ್" ಎಂದರೆ "ನಿಮಗೆ" ಎಂಬ ಚತುರ್ಥಿ. ಅದೇ ಅರ್ಥದ "ಬ್ಲಗದರ್ಯೂ" ಎಂಬ ಕ್ರಿಯಾಪದ ತಂದರೆ "ವಾಮ್" ಹೋಗಿ "ವಾಸ್" ಬರಬೇಕು, ದ್ವಿತೀಯೆ. ಕನ್ನಡದಲ್ಲಿ ಯಾವಾಗಲೂ "ನಿಮಗೆ ಧನ್ಯವಾದ" ಎನ್ನುವ ನಾಲಿಗೆ "ಬ್ಲಗದರ್ಯೂ ವಾಮ್" ಎಂದುಬಿಡುತ್ತದೆ. ನೀವು "ಸ್ಪಸೀಬ" ಬಿಟ್ಟು ಆ ಕಡೆ ಹೋಗದಿದ್ದರೆ ಈ ತೊಂದರೆಯೇ ಇಲ್ಲ.

ನಿಜವಾಗಿ ತಲೆಕೆಳಗಾಗಿರುವುದು "ವೀ ನಉಚೀಲಿ ಮ್ನೆ ರೂಸ್ಕಿ ಯಜೀಕ್". "ನೀವು ನನಗೆ ರಷ್ಯನ್ ಕಲಿಸಿದಿರಿ" ಎನ್ನುವಾಗ ಕನ್ನಡದಲ್ಲಿ "ಗೆ" ಸೇರುವುದು ಕಲಿತವರಿಗೆ, ಕಲಿತ ವಿಷಯಕ್ಕೆ ಏನೂ ಸೇರುವುದಿಲ್ಲ. ರಷ್ಯನ್ ಇದನ್ನು ಸರಿಯಾಗಿ ಉಲ್ಟಾ ಮಾಡುತ್ತದೆ: ಕಲಿತವರು ದ್ವಿತೀಯೆಗೆ, ಕಲಿತ ಭಾಷೆ ಚತುರ್ಥಿಗೆ. "ವೀ ನಉಚೀಲಿ ಮೆನ್ಯಾ ರೂಸ್ಕಮು ಯಜಿಕೂ." ಪಠ್ಯಪುಸ್ತಕದಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ, ಆದರೆ ಧನ್ಯವಾದದ ಪತ್ರದಲ್ಲಿ ಈ ವಾಕ್ಯ ಬಂದೇ ಬರುವುದರಿಂದ ಬಾಯಿಪಾಠ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಗೊಂದಲ ಹೆಚ್ಚಿಸುವುದು ಏನೆಂದರೆ, "ವಿವರಿಸು" ಎಂಬ ಕ್ರಿಯಾಪದ ಕನ್ನಡದಂತೆಯೇ ನಡೆಯುತ್ತದೆ: ನನಗೆ, "ಮ್ನೆ". ಹಾಗಾಗಿ ನಿಮ್ಮ ಕೊನೆಯ ವಾಕ್ಯದಲ್ಲಿ "ಮ್ನೆ" ಸರಿ.

ಆದರೆ ಅದೇ ವಾಕ್ಯದ ಕ್ರಿಯಾಪದ ಸರಿಯಿಲ್ಲ. "ಅಬ್ಯಿಸ್ನೀಲಿ" ಎಂದರೆ ಒಂದು ಸಲ ವಿವರಿಸಿ ಮುಗಿಸಿದರು. ನೀವು ಅದರ ಮುಂದೆ "ಯಾವಾಗಲೂ" ಎಂಬ "ಫ್ಸೆಗ್ದಾ" ಇಟ್ಟಿದ್ದೀರಿ. ಒಂದೇ ಸಲ ಮುಗಿದದ್ದು ಯಾವಾಗಲೂ ಆಗಲು ಹೇಗೆ ಸಾಧ್ಯ? ಮತ್ತೆ ಮತ್ತೆ ನಡೆದದ್ದಕ್ಕೆ ಅಪೂರ್ಣ ರೂಪ ಬೇಕು: "ಅಬ್ಯಿಸ್ನ್ಯಾಲಿ". ನಮ್ಮ "ವಿವರಿಸಿದಿರಿ" ಮತ್ತು "ವಿವರಿಸುತ್ತಿದ್ದಿರಿ" ನಡುವಿನ ಅಂತರ ನೆನೆಸಿಕೊಳ್ಳಿ, ಈ ಜಾಗದಲ್ಲಿ ಅದು ಸಾಕಷ್ಟು ದಾರಿ ತೋರಿಸುತ್ತದೆ. ಟೀಚರ್‌ಗೆ ಬರೆಯುವ ಪತ್ರದಲ್ಲಿ ಈ ಎರಡೂ ರೂಪಗಳಿಗೆ ಕೆಲಸವಿದೆ. ಫಲವನ್ನು ಹೇಳುವಾಗ ಪೂರ್ಣರೂಪ, "ನಉಚೀಲಿ": ಕಲಿಸಿದಿರಿ, ನನಗೆ ಬಂತು. ಅವರ ತಾಳ್ಮೆಯನ್ನು ಹೇಳುವಾಗ ಅಪೂರ್ಣರೂಪ.

ಹಾಗಾದರೆ ಯಾರಿಂದಲಾದರೂ ಪೂರ್ತಿ ತಿದ್ದಿಸಿಬಿಡುವುದೇ? ನಾನು ಬೇಡ ಎನ್ನುತ್ತೇನೆ. ನಿಮಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಈ ಜಗತ್ತಿನಲ್ಲಿ ಅವರಿಗೆ ಗೊತ್ತಿರುವಷ್ಟು ಮತ್ತಾರಿಗೂ ಗೊತ್ತಿಲ್ಲ. ಎ2 ಮುಗಿಸಿದವಳ ಪತ್ರದಲ್ಲಿ ಅವರು ಇನ್ನೂ ಕಲಿಸಿಯೇ ಇಲ್ಲದ ಕೃದಂತಗಳು ಸಾಲುಗಟ್ಟಿದ್ದರೆ, ಇದನ್ನು ಬೇರೆಯವರು ಬರೆದರು ಎಂಬುದು ಮೊದಲ ಓದಿಗೇ ತಿಳಿಯುತ್ತದೆ. ಆಗ ಅವರು ನಿಮ್ಮ ಕೃತಜ್ಞತೆಯನ್ನು ಓದುವುದು ಬಿಟ್ಟು, ಯಾರು ಬರೆದುಕೊಟ್ಟಿರಬಹುದು ಎಂದು ಯೋಚಿಸುತ್ತಾರೆ. ಒಬ್ಬ ಬಲ್ಲವರಿಗೆ ತೋರಿಸಿ, "ಹೆಸರು, ಲಿಂಗ, ವೀ ಇವಿಷ್ಟು ಸರಿಯಿದೆಯಾ ನೋಡಿ, ಬೇರೇನೂ ಮುಟ್ಟಬೇಡಿ" ಎಂದು ಹೇಳುವುದು ಸರಿಯಾದ ಮಧ್ಯದ ದಾರಿ. ಒಂದೆರಡು ವಿಭಕ್ತಿ ತಪ್ಪುಳಿದರೆ ಅದರಿಂದ ಯಾವ ಟೀಚರ್‌ಗೂ ಬೇಸರವಾದದ್ದು ನಾನು ಕಂಡಿಲ್ಲ. ಅರ್ಧಕ್ಕೆ "ತೀ" ಎಂಬ ಏಕವಚನಕ್ಕೆ ಜಾರಿ ಮತ್ತೆ "ವೀ"ಗೆ ಬಂದ ಪತ್ರ ಮಾತ್ರ ಕಿರಿಕಿರಿ ಮಾಡುತ್ತದೆ.

ಪತ್ರದ ಒಳಗೆ ಏನಿರಬೇಕು ಎಂಬುದಕ್ಕೆ ನಿಮ್ಮ ಕರಡಿನಲ್ಲಿ ಉತ್ತರವಿಲ್ಲ. ಅಲ್ಲಿರುವ ಎಲ್ಲ ವಾಕ್ಯಗಳನ್ನೂ ಯಾರು ಬೇಕಾದರೂ ಯಾವ ಟೀಚರ್‌ಗೆ ಬೇಕಾದರೂ ಕಳಿಸಬಹುದು. ನಿಮ್ಮ ವರ್ಷದಿಂದ ಒಂದೇ ಒಂದು ಖಚಿತ ಸಂಗತಿ ಆರಿಸಿ. ರಷ್ಯನ್ ಕಲಿತವರಿಗೆಲ್ಲ ಕಾಡುವುದು ಚಲನೆಯ ಕ್ರಿಯಾಪದಗಳು: ಒಂದು ದಿಕ್ಕಿಗೆ ನಡೆದು ಹೋಗುವುದಕ್ಕೆ "ಇತ್ತೀ", ಹೋಗಿಬರುತ್ತಿರುವುದಕ್ಕೆ "ಹದೀತ್", ವಾಹನದಲ್ಲಾದರೆ ಮತ್ತೊಂದು ಜೋಡಿ. ನಿಮ್ಮನ್ನೂ ಅದೇ ಕಾಡಿತ್ತು ಎಂದಿಟ್ಟುಕೊಂಡು, ಎ2 ಹಂತದ ವ್ಯಾಕರಣವನ್ನು ಮೀರದ ಹಾಗೆ ಒಂದು ಪತ್ರ ಬರೆದು ತೋರಿಸುತ್ತೇನೆ. ಸೆರ್ಗೇಯೆವ್ನಾ ಎಂಬುದು ಉದಾಹರಣೆಗೆ ಮಾತ್ರ.

"ದರಗಾಯ ಯೆಲೆನಾ ಸೆರ್ಗೇಯೆವ್ನಾ!

ನಾಶ್ ಕೂರ್ಸ್ ಜಕೋಂಚಿಲ್ಸ್ಯ, ಇ ಯಾ ಹಚೂ ಸ್ಕಜಾತ್ ವಾಮ್ ಬಲ್‌ಶೋಯೆ ಸ್ಪಸೀಬ. ಗೋದ್ ನಜಾದ್ ಯಾ ನೆ ಉಮೇಲ ಚಿತಾತ್ ಪ-ರೂಸ್ಕಿ. ಸಿವೋದ್ನ್ಯ ಯಾ ಸಮಾ ಪಿಶೂ ವಾಮ್ ಎತ ಪಿಸ್ಮೋ.

ಸ್ಪಸೀಬ ವಾಮ್ ಜಾ ತೆರ್ಪೇನಿಯೆ. ಯಾ ಚಾಸ್ತ ಪೂತಲ 'ಇತ್ತೀ' ಇ 'ಹದೀತ್', ಅ ವೀ ಸ್ನೋವ ಇ ಸ್ನೋವ ಅಬ್ಯಿಸ್ನ್ಯಾಲಿ. ತಿಪೇರ್ ಯಾ ನೆ ಬಯೂಸ್ ಗವರೀತ್.

ಝಿಲಾಯು ವಾಮ್ ಜ್ದರೋವ್ಯಾ ಇ ಹರೋಶಿಹ್ ಉಚೆನಿಕೋವ್.

ಸ್ ಬ್ಲಗದಾರ್ನಸ್ತ್ಯು,
ವಾಶಾ ಉಚೆನೀತ್ಸಾ"

ಕೆಳಗೆ ನಿಮ್ಮ ಹೆಸರು. ಕನ್ನಡದಲ್ಲಿ ಹೇಳುವುದಾದರೆ: ನಮ್ಮ ಕೋರ್ಸ್ ಮುಗಿಯಿತು, ನಿಮಗೆ ದೊಡ್ಡ ಥ್ಯಾಂಕ್ಸ್ ಹೇಳಬೇಕು. ವರ್ಷದ ಹಿಂದೆ ನನಗೆ ರಷ್ಯನ್ ಓದಲು ಬರುತ್ತಿರಲಿಲ್ಲ, ಇವತ್ತು ಈ ಪತ್ರವನ್ನು ನಾನೇ ಬರೆಯುತ್ತಿದ್ದೇನೆ. ನಿಮ್ಮ ತಾಳ್ಮೆಗೆ ಥ್ಯಾಂಕ್ಸ್. ನಾನು ಆ ಎರಡು ಕ್ರಿಯಾಪದಗಳನ್ನು ಪದೇಪದೇ ಅದಲುಬದಲು ಮಾಡುತ್ತಿದ್ದೆ, ನೀವು ಮತ್ತೆ ಮತ್ತೆ ವಿವರಿಸುತ್ತಿದ್ದಿರಿ. ಈಗ ಮಾತಾಡಲು ನನಗೆ ಭಯವಿಲ್ಲ. ನಿಮಗೆ ಆರೋಗ್ಯವಿರಲಿ, ಒಳ್ಳೆಯ ವಿದ್ಯಾರ್ಥಿಗಳು ಸಿಗಲಿ.

"ಉಮೇಲ", "ಪೂತಲ" ಎರಡರಲ್ಲೂ ಹೆಣ್ಣಿನ "ಲ" ಇದೆ, "ಅಬ್ಯಿಸ್ನ್ಯಾಲಿ"ಯಲ್ಲಿ ಗೌರವದ "ಲಿ" ಇದೆ, ಗಮನಿಸಿ. ಕೊನೆಗೆ ಹಾರೈಕೆ ಇರುವುದು ಅವರ ವಾಡಿಕೆ. ಅದಿಲ್ಲದೆ ಪತ್ರ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಹಾರೈಸುವ ವಸ್ತು ಷಷ್ಠಿಯಲ್ಲಿರಬೇಕು, ಮತ್ತು ಪಟ್ಟಿಯಲ್ಲಿ ಆರೋಗ್ಯ ಸಾಮಾನ್ಯವಾಗಿ ಮೊದಲು ಬರುತ್ತದೆ, ಟೀಚರ್‌ಗೆ ಇಪ್ಪತ್ತೈದು ವರ್ಷವೇ ಆಗಿದ್ದರೂ. ಶಿಕ್ಷಕರ ದಿನದ ಪ್ರಾಸಬದ್ಧ ಪದ್ಯಗಳು ನೆಟ್‌ನಲ್ಲಿ ರಾಶಿರಾಶಿ ಸಿಗುತ್ತವೆ, ಅವನ್ನು ಸೇರಿಸಬೇಡಿ. ರಷ್ಯದಲ್ಲಿ ಅಕ್ಟೋಬರ್ 5ರಂದು ಪ್ರತಿ ಟೀಚರ್‌ಗೂ ಅವು ಬೇಕಾದಷ್ಟು ಬರುತ್ತವೆ.

ಕಳಿಸುವ ವಿಧಾನಕ್ಕೆ ಬಂದರೆ, ಟೈಪ್ ಮಾಡಿ ಮೆಸೇಜ್ ಕಳಿಸಿದರೂ ಏನೂ ಕೊರತೆಯಿಲ್ಲ. ಆದರೆ ಕೈಯಲ್ಲಿ ಬರೆದು ಅದರ ಫೋಟೊ ಕಳಿಸಿದರೆ ಆನ್‌ಲೈನ್ ಟೀಚರ್‌ಗೆ ಅದು ಅಪರೂಪದ ವಸ್ತು. ಅಪಾಯ ಒಂದೇ: ರಷ್ಯನ್ ಕೂಡಕ್ಷರ. ಅಚ್ಚಿನ "ತ" ಕೈಬರಹದಲ್ಲಿ ಇಂಗ್ಲಿಷಿನ ಸಣ್ಣ ಎಂ ಥರ, "ದ" ಜಿ ಥರ, "ಇ" ಯು ಥರ ಆಗುತ್ತದೆ. "ಶ", "ಇ", "ಲ", "ಮ" ಒಟ್ಟಿಗೆ ಬಂದರೆ ಬರೀ ಗೀಟುಗಳ ಸಾಲು. "ಲ", "ಮ" ಶುರುವಾಗುವಲ್ಲಿ ಸಣ್ಣ ಕೊಕ್ಕೆ ಬಿಡಬೇಡಿ. ಓದುವವರು ಅಕ್ಷರ ಬೇರ್ಪಡಿಸುವುದು ಅದರಿಂದಲೇ. ಕೆಲವರು "ಶ" ಕೆಳಗೆ, "ತ" ಮೇಲೆ ಒಂದು ಗೀಟೆಳೆಯುತ್ತಾರೆ, ನೀವೂ ಎಳೆಯಬಹುದು. ಕೂಡಕ್ಷರ ಅಭ್ಯಾಸವೇ ಇಲ್ಲದಿದ್ದರೆ ಮಕ್ಕಳ ಹಾಗೆ ಅಚ್ಚಕ್ಷರ ಬಿಡಿಸುವುದಕ್ಕಿಂತ ಟೈಪ್ ಮಾಡಿದ್ದೇ ಚೆಂದ.

ಉಡುಗೊರೆ ಕಡ್ಡಾಯವಲ್ಲ. ಅಲ್ಲಿರುವ ಪರಿಚಯದವರ ಮೂಲಕ ಹೂ ಕಳಿಸುವುದಾದರೆ ಬೆಸ ಸಂಖ್ಯೆ ಇರಲಿ, ಐದೋ ಏಳೋ. ಸಮ ಸಂಖ್ಯೆಯ ಹೂವನ್ನು ಅವರು ಒಯ್ಯುವುದು ಸಾವಿನ ಮನೆಗೆ. ಹಳದಿ ಹೂವು ಅಗಲಿಕೆಯ ಸೂಚನೆ ಎಂಬ ನಂಬಿಕೆಯನ್ನು ಈಗಲೂ ಕೆಲವರು ಇಟ್ಟುಕೊಂಡಿದ್ದಾರೆ, ಸುಮ್ಮನೆ ಬೇರೆ ಬಣ್ಣ ಆರಿಸಿ. ನಿಮ್ಮ ಕಸಿನ್‌ನ ಹಾಗೆ ವಿಶ್ವವಿದ್ಯಾಲಯದಲ್ಲಿ ಓದುವವರ ಕಥೆ ಬೇರೆ. ರಷ್ಯದ ಸಿವಿಲ್ ಸಂಹಿತೆಯ 575ನೇ ವಿಧಿಯ ಪ್ರಕಾರ ಶಿಕ್ಷಣ ಸಂಸ್ಥೆಯ ನೌಕರರಿಗೆ ಅಲ್ಲಿ ಓದುವವರು 3000 ರೂಬಲ್ ಮೀರಿದ ಉಡುಗೊರೆ ಕೊಡುವಂತಿಲ್ಲ. ಅಂಥವರು ಪತ್ರವನ್ನೂ ಪರೀಕ್ಷೆಯ ಫಲಿತಾಂಶ ಬಂದ ಮೇಲೆಯೇ ಕೊಡುವುದು ಕ್ಷೇಮ; ಮೊದಲೇ ಕೊಟ್ಟರೆ ಅರ್ಜಿ ಹಾಕಿದಂತಿರುತ್ತದೆ. ಖಾಸಗಿಯಾಗಿ ಕಲಿತ ನಿಮಗೆ ಈ ತಾಪತ್ರಯವಿಲ್ಲ.

ನಿಮ್ಮ ಟೀಚರ್‌ಗೆ ಹೂವಿಗಿಂತ ಉಪಯೋಗಕ್ಕೆ ಬರುವುದು ಅವರ ಪುಟದಲ್ಲಿ ನೀವು ಬರೆಯುವ ಅಭಿಪ್ರಾಯ, ಅವರ ಮಾತಿನಲ್ಲಿ "ಓತ್ಜಿವ್". ಹೊಸ ವಿದ್ಯಾರ್ಥಿಗಳು ಬರುವುದು ಅದನ್ನು ಓದಿ. ಆದರೆ ಈ ಪತ್ರವನ್ನೇ ಅಲ್ಲಿ ಅಂಟಿಸಬೇಡಿ. ಪತ್ರ ಅವರಿಗೆ, ಅಭಿಪ್ರಾಯ ಅವರನ್ನು ಅರಿಯದ ಮೂರನೆಯವರಿಗೆ. ಅಲ್ಲಿ "ವೀ" ಇರುವುದಿಲ್ಲ, "ಯೆಲೆನಾ ಹೀಗೆ ಕಲಿಸುತ್ತಾರೆ" ಎಂದಿರುತ್ತದೆ. ಯಾವ ಹಂತದಿಂದ ಯಾವ ಹಂತಕ್ಕೆ ಬಂದಿರಿ, ಎಷ್ಟು ಕಾಲ ಹಿಡಿಯಿತು, ಹೋಂವರ್ಕ್ ಹೇಗಿತ್ತು ಎಂಬುದನ್ನು ಅಲ್ಲಿ ಹೇಳಿ.

ಪತ್ರಕ್ಕೆ ಉತ್ತರವಾಗಿ ಅವರು ನಿಮ್ಮ ತಪ್ಪುಗಳಿಗೆ ಕೆಂಪು ಗೀಟೆಳೆದು ಕಳಿಸಿದರೂ ಆಶ್ಚರ್ಯಪಡಬೇಡಿ, ಕೆಲವು ಟೀಚರ್‌ಗಳಿಗೆ ಕೈ ಸುಮ್ಮನಿರುವುದಿಲ್ಲ. "ದವಾಯ್ತೆ ನಾ ತೀ" ಎಂದು ಬರೆದರೆ ಇನ್ನು ಮುಂದೆ ಏಕವಚನದಲ್ಲಿ ಮಾತಾಡೋಣ ಎಂಬ ಆಹ್ವಾನ; ಒಪ್ಪಿದರೆ ಅದರ ಮುಂದಿನ ಮೆಸೇಜಿನಿಂದಲೇ "ತೀ" ಶುರುಮಾಡಿ, ಜೊತೆಗೆ ತಂದೆಯ ಹೆಸರನ್ನೂ ಕೈಬಿಡಿ.